ಮೇಘನಾ ಅವರ ಪ್ರೊಫೈಲ್ ನೋಡಿ ಬರೆದದ್ದು, ಶಿವಮೊಗ್ಗದಿಂದ

ನಾಗರಾಜ್ ಅವರಿಗೂ ನಿಮ್ಮ ಮನೆಯವರಿಗೂ ನಮಸ್ಕಾರಗಳು.

ನನ್ನ ಹೆಸರು ಸುಧಾ. ಶಿವಮೊಗ್ಗದಲ್ಲಿರುತ್ತೇವೆ. ಮ್ಯಾಟ್ರಿಮನಿ ಸೈಟ್‌ನಲ್ಲಿ ನಿಮ್ಮ ಮಗಳು ಮೇಘನಾ ಅವರ ಪ್ರೊಫೈಲ್ ನೋಡಿ, ನಮ್ಮ ಮಗ ಪ್ರಣವ್‌ಗಾಗಿ ಬರೆಯುತ್ತಿದ್ದೇನೆ. ಪ್ರೊಫೈಲನ್ನು ನಾನೂ ನಮ್ಮ ಯಜಮಾನರೂ ಓದಿದೆವು, ಪ್ರಣವ್ ಕೂಡ ಓದಿದ್ದಾನೆ. ಅವನು ಒಪ್ಪಿದ ಮೇಲೆಯೇ ಈ ಮೆಸೇಜು ಕಳಿಸುತ್ತಿರುವುದು. ನಿಮ್ಮ ನಂಬರು ಸೈಟ್‌ನಲ್ಲೇ ಸಿಕ್ಕಿತು. ಗುರುತಿಲ್ಲದವರು ಏಕಾಏಕಿ ಫೋನ್ ಮಾಡಿದರೆ ಆಗಲೇ ಏನಾದರೂ ಉತ್ತರ ಹೇಳಬೇಕಾಗುತ್ತದೆ. ಬರೆದರೆ ನೀವೆಲ್ಲ ಕೂತು ಓದಬಹುದು ಅನ್ನಿಸಿತು.

ಮೇಘನಾ ಅವರು ಅರಕಲಗೂಡು ತಾಲ್ಲೂಕಿನಲ್ಲಿ ಪಶುವೈದ್ಯರು, ಮದುವೆಯ ನಂತರವೂ ಸರ್ಕಾರಿ ಸೇವೆಯಲ್ಲೇ ಮುಂದುವರಿಯುವ ಇಚ್ಛೆ ಎಂದು ಪ್ರೊಫೈಲ್‌ನಲ್ಲಿದೆ. ನಾವು ಬರೆಯಲು ಮುಖ್ಯ ಕಾರಣವೇ ಆ ಸಾಲು. ಫೋಟೊಗಳಲ್ಲಿ ಒಂದರಲ್ಲಿ ಗಂಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಕರುವಿನ ಹಗ್ಗ ಹಿಡಿದು ನಿಂತಿದ್ದಾರೆ. ಮಾಡುವ ಕೆಲಸದ ಬಗ್ಗೆ ಅವರಿಗಿರುವ ಪ್ರೀತಿ ಅದರಲ್ಲಿ ಕಾಣುತ್ತದೆ. ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ನಡುರಾತ್ರಿ ಕರೆ ಬಂದರೆ ಹೋಗಲೇಬೇಕಾದ ಕೆಲಸ ಅದು, ನಮಗೆ ಗೊತ್ತಿದೆ. ನಮ್ಮ ಮನೆಯಲ್ಲಿ ದಿನವೂ ಪೂಜೆ ಇದೆ, ಹಬ್ಬ ಹರಿದಿನ ಬಿಟ್ಟಿಲ್ಲ. ಆದರೆ ಮಡಿ ಮೈಲಿಗೆಯ ಹೆಸರಿನಲ್ಲಿ ಅವರ ಕೆಲಸಕ್ಕೆ ಅಡ್ಡಿ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ.

ಪ್ರಣವ್ 1995ರಲ್ಲಿ ಹುಟ್ಟಿದವನು, ಎತ್ತರ 5 ಅಡಿ 8 ಅಂಗುಲ. ಸಿವಿಲ್‌ನಲ್ಲಿ ಬಿ.ಇ. ಮುಗಿಸಿ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ 2019ಕ್ಕೆ ಎಂ.ಟೆಕ್. ಮಾಡಿಕೊಂಡ. ಈಗ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಕೆಲಸ. ವಿಜಯನಗರದಲ್ಲಿ ಬಾಡಿಗೆ ಮನೆ, ಜೊತೆಯಲ್ಲಿ ಸಹೋದ್ಯೋಗಿ ಒಬ್ಬರಿದ್ದಾರೆ. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರು, ನಾನು ಪ್ರೌಢಶಾಲೆಯಲ್ಲಿ ಕನ್ನಡ ಟೀಚರಾಗಿದ್ದೆ, ಇಬ್ಬರಿಗೂ ಪಿಂಚಣಿ ಬರುತ್ತದೆ. ಮಗಳು ದೊಡ್ಡವಳು, ಮದುವೆಯಾಗಿ ಧಾರವಾಡದಲ್ಲಿದ್ದಾಳೆ. ಶಿವಮೊಗ್ಗದ ಮನೆ ಸ್ವಂತದ್ದು.

ಪ್ರಣವ್‌ನ ಪ್ರೊಫೈಲ್ ಓದಿದರೆ ಪೂರ್ತಿ ಗೊತ್ತಾಗದ ಮೂರು ವಿಷಯ ಇವೆ. ಮುಂದೆ ಯಾವಾಗಲೋ ತಿಳಿದು ನಿಮಗೆ ಬೇಸರ ಆಗುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದು.

ಮೊದಲನೆಯದು ಸಂಬಳ. ಸೈಟ್‌ನಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂದು ಆರಿಸಬೇಕಿರುವುದರಿಂದ 10ರಿಂದ 15 ಲಕ್ಷ ಎಂದು ಕಾಣಿಸುತ್ತದೆ. ನಿಜವಾದ ಸಿಟಿಸಿ ವರ್ಷಕ್ಕೆ 11.4 ಲಕ್ಷ. ಪಿಎಫ್ ಮತ್ತಿತರ ಕಡಿತ ಹೋಗಿ ತಿಂಗಳಿಗೆ ಕೈಗೆ ಸಿಗುವುದು ಸುಮಾರು 82,000 ರೂಪಾಯಿ. ಕಾರಿನ ಸಾಲದ ಕಂತು 11,500 ಇನ್ನೂ ಎರಡು ವರ್ಷ ಇದೆ. ಬೇರೆ ಸಾಲ ಇಲ್ಲ.

ಎರಡನೆಯದು ಆರೋಗ್ಯ. 2021ರಲ್ಲಿ ಆಟದ ಮೈದಾನದಲ್ಲಿ ಬಿದ್ದು ಬಲ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ನಡೆಯಲು, ಮೆಟ್ಟಿಲು ಹತ್ತಲು, ಗಾಡಿ ಓಡಿಸಲು ಏನೂ ತೊಂದರೆ ಇಲ್ಲ. ತುಂಬಾ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಮಾತ್ರ ನೋವು ಬರುತ್ತದೆ. ಕನ್ನಡಕ ಇದೆ, ಫೋಟೊಗೆಂದು ತೆಗೆದಿದ್ದಾನೆ ಅಷ್ಟೆ. ವೈದ್ಯರ ಕಾಗದಗಳನ್ನು ಯಾವಾಗ ಕೇಳಿದರೂ ತೋರಿಸುತ್ತೇವೆ.

ಮೂರನೆಯದು ಊರು, ನಿಜವಾಗಿ ಯೋಚಿಸಬೇಕಾದದ್ದು ಇದೇ. ಅರಕಲಗೂಡಿನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ನಾಲ್ಕು ಗಂಟೆಯ ದಾರಿ. ಪ್ರಣವ್ ಸದ್ಯ ವಾರದಲ್ಲಿ ಮೂರು ದಿನ ಆಫೀಸಿಗೆ ಹೋಗಬೇಕು, ಎರಡು ದಿನ ಮನೆಯಿಂದಲೇ ಕೆಲಸ. ಕಂಪನಿಯ ನಿಯಮ ನಾಳೆ ಬದಲಾಗಬಹುದು, ಹಾಗಾಗಿ ಇದನ್ನೇ ನಂಬಿಕೊಂಡು ಮಾತು ಕೊಡುವುದು ಸರಿಯಲ್ಲ. ಮೇಘನಾ ಅವರು ಕೆಲಸ ಬಿಟ್ಟು ಬೆಂಗಳೂರಿಗೆ ಬರಲಿ ಎಂದು ನಾವು ಕೇಳುವುದಿಲ್ಲ. ವರ್ಗಾವಣೆಗೆ ಪ್ರಯತ್ನಿಸುವುದೋ, ಸ್ವಲ್ಪ ಕಾಲ ಎರಡು ಕಡೆ ಇರುವುದೋ, ಇವನೇ ಹಾಸನದ ಕಡೆ ಕೆಲಸ ನೋಡಿಕೊಳ್ಳುವುದೋ, ಅದು ಅವರಿಬ್ಬರೂ ಮಾತಾಡಿಕೊಂಡು ತೀರ್ಮಾನಿಸಬೇಕಾದ ವಿಷಯ. ಇದು ಆಗದ ಮಾತು ಎಂದು ಮೇಘನಾ ಅವರಿಗೆ ಈಗಲೇ ಅನ್ನಿಸಿದರೆ ಅದಕ್ಕೂ ನಮ್ಮ ಗೌರವವಿದೆ.

ನಮ್ಮ ಗೋತ್ರ ಭಾರದ್ವಾಜ, ನಿಮ್ಮದು ಕಾಶ್ಯಪ ಎಂದು ಪ್ರೊಫೈಲ್‌ನಲ್ಲಿದೆ, ಸಗೋತ್ರ ಅಲ್ಲ. ಪ್ರಣವ್‌ದು ಅನುರಾಧಾ ನಕ್ಷತ್ರ 3ನೇ ಪಾದ, ವೃಶ್ಚಿಕ ರಾಶಿ. ನೀವು ಜಾತಕ ನೋಡುವ ಪದ್ಧತಿ ಇಟ್ಟುಕೊಂಡಿದ್ದರೆ ಹುಟ್ಟಿದ ದಿನ, ಸಮಯ, ಸ್ಥಳ ಕಳಿಸುತ್ತೇವೆ. ಒಂದು ಗಮನಕ್ಕೆ: ಅವನು ಹುಟ್ಟಿದ್ದು ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ. ಪಂಚಾಂಗದಲ್ಲಿ ವಾರ ಶುರುವಾಗುವುದು ಸೂರ್ಯೋದಯಕ್ಕೆ, ಹಾಗಾಗಿ ನಮ್ಮ ಹಳೆಯ ಜಾತಕದಲ್ಲಿ ಹಿಂದಿನ ದಿನದ ವಾರ ಬರೆದಿದೆ. ಜನನ ಪ್ರಮಾಣಪತ್ರದಲ್ಲಿ ಮರುದಿನದ ತಾರೀಖು ಇದೆ. ಎರಡೂ ಸರಿಯೇ. ಕಂಪ್ಯೂಟರ್‌ನಲ್ಲಿ ಹಾಕಿಸುವಾಗ ಪ್ರಮಾಣಪತ್ರದ ತಾರೀಖನ್ನೇ ಕೊಡಬೇಕು, ಹಳೆಯ ಜಾತಕದ ವಾರ ನೋಡಿ ತಾರೀಖು ಹಿಂದೆ ಹಾಕಿದರೆ ನಕ್ಷತ್ರವೇ ಬೇರೆ ಬರಬಹುದು. ನಮ್ಮ ಮಟ್ಟಿಗೆ ಹೇಳುವುದಾದರೆ, ಮೊದಲು ಮಕ್ಕಳು ಮಾತಾಡಲಿ, ಜಾತಕ ಆಮೇಲೆ ನೋಡಿದರೂ ಆದೀತು. ನಿಮ್ಮ ಕ್ರಮ ಹೇಗಿದೆಯೋ ಹಾಗೇ ಆಗಲಿ.

ವರದಕ್ಷಿಣೆ, ವರೋಪಚಾರ, ಇಂಥ ಛತ್ರ, ಇಷ್ಟು ಬಂಗಾರ ಎಂಬ ಯಾವ ಮಾತೂ ನಮ್ಮ ಕಡೆಯಿಂದ ಈಗಲೂ ಬರುವುದಿಲ್ಲ, ಮುಂದೆಯೂ ಬರುವುದಿಲ್ಲ. ನಮ್ಮ ಬಂಧುಗಳು ಯಾರಾದರೂ ಆಡಿದರೆ ನನಗೆ ನೇರವಾಗಿ ಹೇಳಿ.

ಹೆಣ್ಣು ನೋಡಲು ಬರುತ್ತೇವೆ ಎಂದು ಈಗ ಕೇಳುತ್ತಿಲ್ಲ. ನಿಮಗೆ ಒಪ್ಪಿಗೆಯಾದರೆ ಮೊದಲು ನೀವೂ ನಾವೂ ಫೋನಿನಲ್ಲಿ ಹತ್ತು ನಿಮಿಷ ಮಾತಾಡೋಣ. ಆಮೇಲೆ ಮೇಘನಾ ಅವರು ಸರಿ ಎಂದರೆ ಅವರೂ ಪ್ರಣವ್‌ನೂ ತಾವೇ ಮಾತಾಡಿಕೊಳ್ಳಲಿ, ಎಷ್ಟು ದಿನ ಬೇಕೋ ಅಷ್ಟು. ಅದಕ್ಕೂ ಮುಂಚೆ ನಮ್ಮ ಬಗ್ಗೆ ವಿಚಾರಿಸಬೇಕೆಂದರೆ ನಮ್ಮ ಬೀದಿಯವರದ್ದೂ ಪ್ರಣವ್‌ನ ಸಹೋದ್ಯೋಗಿಯದ್ದೂ ನಂಬರು ಅವರನ್ನು ಕೇಳಿ ಕೊಡುತ್ತೇವೆ. ನಿಮಗೆ ಗೊತ್ತಿರುವವರು ಶಿವಮೊಗ್ಗದಲ್ಲಿದ್ದರೆ ಅವರ ಮೂಲಕ ವಿಚಾರಿಸಿಕೊಳ್ಳಿ, ನಮ್ಮನ್ನು ಕೇಳಬೇಕಾಗಿಯೂ ಇಲ್ಲ.

ಉತ್ತರಕ್ಕೆ ಅವಸರವಿಲ್ಲ. ಹಬ್ಬ, ಕ್ಯಾಂಪು, ಮನೆಯ ಕೆಲಸ ಎಲ್ಲ ಮುಗಿಸಿಕೊಂಡು ನಿಧಾನವಾಗಿ ಹೇಳಿ. ಬೇಡ ಅನ್ನಿಸಿದರೆ "ಹೊಂದಿಕೆಯಾಗುವುದಿಲ್ಲ" ಎಂದು ಒಂದು ಸಾಲು ಬರೆದರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಬರೆಯುವುದೂ ಮುಜುಗರ ಎನಿಸಿದರೆ ಸುಮ್ಮನಿದ್ದರೂ ನಮಗೆ ಅರ್ಥವಾಗುತ್ತದೆ. ನಾನು ಮತ್ತೆ ಮೆಸೇಜು ಮಾಡುವುದಾಗಲಿ, ಬೇರೆಯವರಿಂದ ಹೇಳಿಸುವುದಾಗಲಿ ಮಾಡುವುದಿಲ್ಲ. ಮೇಘನಾ ಅವರ ಫೋಟೊ, ವಿವರ ಯಾವುದನ್ನೂ ನಾವು ಮೂವರು ಬಿಟ್ಟು ಬೇರೆ ಯಾರಿಗೂ ಕಳಿಸಿಲ್ಲ, ಕಳಿಸುವುದೂ ಇಲ್ಲ.

ಪ್ರಣವ್‌ನ ಎರಡು ಫೋಟೊ ಜೊತೆಗಿಟ್ಟಿದ್ದೇನೆ, ಒಂದು ಕನ್ನಡಕ ಹಾಕಿಕೊಂಡಿರುವುದು. ಕರೆ ಮಾಡುವುದಾದರೆ ಇದೇ ನಂಬರು. ಸಂಜೆ 5ರ ಮೇಲೆ ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ.

ನಿಮ್ಮ ಮನೆಯ ಹಿರಿಯರಿಗೆ ನಮ್ಮ ನಮಸ್ಕಾರ ತಿಳಿಸಿ.

ಇತಿ,
ಸುಧಾ
(ಪ್ರಣವ್‌ನ ತಾಯಿ), ಶಿವಮೊಗ್ಗ