ಬೀಜದ ಕಾರ್ಖಾನೆಯ ಲಾಭ ಯಾರ ಕೈಗೆ ಹೋಗುತ್ತದೆ? ಒಂದು ಐದು ಶಕ್ತಿಗಳ ವಿಶ್ಲೇಷಣೆ

ಮೊದಲು ಕೇಸ್ ಹೇಳಿಬಿಡುತ್ತೇನೆ. ಕಾರ್ಕಳದ ಹೊರಗೆ ಒಂದು ಗೇರುಬೀಜದ ಕಾರ್ಖಾನೆ ಇದೆ ಅಂದುಕೊಳ್ಳಿ. ಅಪ್ಪ ಕಟ್ಟಿದ್ದು, ಈಗ ಅಣ್ಣ ತಂಗಿ ಇಬ್ಬರು ನಡೆಸುತ್ತಿದ್ದಾರೆ. ದಿನಕ್ಕೆ 4 ಟನ್ ಬೀಜ ಒಡೆಯುತ್ತಾರೆ, ಅಂದರೆ 80 ಕೆಜಿಯ 50 ಚೀಲ. ವರ್ಷಕ್ಕೆ 280 ದಿನ ಕೆಲಸ. ಬೀಜದಲ್ಲಿ ಕಾಲು ಭಾಗದಷ್ಟು ಊರಿನದ್ದು, ಉಳಿದದ್ದು ಆಫ್ರಿಕಾದ್ದು. ಅಣ್ಣನಿಗೆ 3 ಕೋಟಿ ಸಾಲ ಮಾಡಿ ಹೊಸ ಮೆಷಿನ್ ಹಾಕಿ 8 ಟನ್‌ಗೆ ಏರಿಸುವ ಮನಸ್ಸು. ತಂಗಿಗೆ ಅನುಮಾನ. ಅಣ್ಣನ ವಾದ ಇಷ್ಟೇ: ಪೈಪೋಟಿ ಜಾಸ್ತಿ ಆಗಿದೆ, ದೊಡ್ಡದಾದರೆ ಮಾತ್ರ ಖರ್ಚು ಇಳಿಯುತ್ತದೆ, ಇಲ್ಲದಿದ್ದರೆ ಉಳಿಯುವುದಿಲ್ಲ.

ಈ ವಾದ ಸರಿಯೋ ತಪ್ಪೋ ಗೊತ್ತಾಗಬೇಕಾದರೆ ಈ ಉದ್ಯಮದಲ್ಲಿ ಲಾಭವನ್ನು ಹಿಂಡುವವರು ಯಾರು ಅಂತ ನೋಡಬೇಕು. ಹಾರ್ವರ್ಡ್‌ನ ಮೈಕಲ್ ಪೋರ್ಟರ್ 1979ರಲ್ಲಿ ಕೊಟ್ಟ ಐದು ಶಕ್ತಿಗಳ ಚೌಕಟ್ಟು ಇರುವುದೇ ಅದಕ್ಕೆ: ಒಳಗಿನ ಪೈಪೋಟಿ, ಹೊಸಬರ ಭಯ, ಬದಲಿ ವಸ್ತು, ಕೊಳ್ಳುವವರ ಬಲ, ಮಾಲು ಕೊಡುವವರ ಬಲ. ತುಂಬ ಜನ ಐದಕ್ಕೂ "ಹೆಚ್ಚು, ಮಧ್ಯಮ, ಕಡಿಮೆ" ಅಂತ ಬರೆದು ಮುಗಿಸಿಬಿಡುತ್ತಾರೆ. ಅದರಿಂದ ಏನೂ ಪ್ರಯೋಜನ ಇಲ್ಲ. ಯಾವುದು ಎಲ್ಲಕ್ಕಿಂತ ಜೋರು, ಯಾಕೆ, ಅದು ತೀರ್ಮಾನವನ್ನು ಹೇಗೆ ಬದಲಿಸುತ್ತದೆ, ಇಷ್ಟು ಹೇಳಬೇಕು.

ಲೆಕ್ಕ ಹಾಕೋಣ. ಅಂಕಿಗಳು ಕೇಸಿಗೆ ಮಾಡಿಕೊಂಡವು, ಆದರೆ ಅವುಗಳ ನಡುವಿನ ನಂಟು ನಿಜವಾದದ್ದು. ಬೀಜ ಕೆಜಿಗೆ 130 ರೂಪಾಯಿ ಅಂದರೆ ಚೀಲಕ್ಕೆ 10,400. ಔಟ್‌ಟರ್ನ್, ಅಂದರೆ 80 ಕೆಜಿಯ ಒಂದು ಚೀಲದಿಂದ ಸಿಗುವ ಒಳ್ಳೆಯ ತಿರುಳಿನ ತೂಕ, 48 ಪೌಂಡ್ ಇದ್ದರೆ ಸುಮಾರು 21.8 ಕೆಜಿ ಗೋಡಂಬಿ ಸಿಗುತ್ತದೆ. ಹಾಗಾದರೆ ಒಂದು ಕೆಜಿ ಗೋಡಂಬಿಯೊಳಗೆ ಬೀಜದ ಬೆಲೆಯೇ 477 ರೂಪಾಯಿ. ಕೂಲಿ, ಕರೆಂಟು, ಸೌದೆ, ಪ್ಯಾಕಿಂಗ್, ಬಡ್ಡಿ ಎಲ್ಲ ಸೇರಿ 90 ರೂಪಾಯಿ, ಅದರಲ್ಲಿ ಅರ್ಧ ಕೂಲಿ. ಇಡೀ ಗೋಡಂಬಿ, ಹೋಳು, ತುಂಡು ಎಲ್ಲ ಸೇರಿಸಿ ಸರಾಸರಿ 600ಕ್ಕೆ ಮಾರಿದರೆ ಕೈಯಲ್ಲಿ ಉಳಿಯುವುದು 33 ರೂಪಾಯಿ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಕೋಟಿ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಆ ಒಂದು ಕೋಟಿ ಹುಟ್ಟಬೇಕಾದರೆ ಹದಿನಾಲ್ಕೂವರೆ ಕೋಟಿಯ ಬೀಜ ಕೊಳ್ಳಬೇಕು.

ಬದಲಿ ವಸ್ತುವಿನ ವಿಷಯ ಬೇಗ ಮುಗಿಯುತ್ತದೆ. ಹೋಟೆಲಿನ ಗ್ರೇವಿಗೆ ಕಲ್ಲಂಗಡಿ ಬೀಜ ಹಾಕುತ್ತಾರೆ, ಬೇಕರಿಯವರು ಶೇಂಗಾ ಬಳಸುತ್ತಾರೆ, ಬಾದಾಮಿ ಎಲ್ಲ ಕಡೆ ಸಿಗುತ್ತದೆ. ಇದು ತುಂಡಿನ ಬೆಲೆಯನ್ನು ಸ್ವಲ್ಪ ಕೆಳಗೆ ಎಳೆಯುತ್ತದೆ, ನಿಜ. ಆದರೆ ಮದುವೆ ಮನೆಯ ಪಾಯಸಕ್ಕೆ, ದೀಪಾವಳಿಯ ಡಬ್ಬಿಗೆ ಗೋಡಂಬಿ ಬೇಕೇ ಬೇಕು. ದುರ್ಬಲ ಶಕ್ತಿ.

ಹೊಸಬರು ಬರುವುದು ಕಷ್ಟವೇನಲ್ಲ. ಬಾಯ್ಲರ್, ಕಟಿಂಗ್ ಮೆಷಿನ್, ತಿರುಳು ಒಣಗಿಸುವ ಬೊರ್ಮಾ, ಸಿಪ್ಪೆ ತೆಗೆಯುವ ಮೆಷಿನ್ ಎಲ್ಲ ಸುಲಭವಾಗಿ ಸಿಗುತ್ತದೆ. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಶೇ 35, ಗರಿಷ್ಠ 10 ಲಕ್ಷದವರೆಗೆ ಸಬ್ಸಿಡಿ ಕೊಟ್ಟಿದೆ. ಹಾಗಾಗಿ ಶೆಡ್ ಹಾಕುವುದು ಯಾರಿಂದಲೂ ಆದೀತು. ವರ್ಷವಿಡೀ ಅದಕ್ಕೆ ಬೀಜ ತುಂಬಿಸುವುದು ಎಲ್ಲರಿಂದಲೂ ಆಗುವುದಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊಳ್ಳುವವರು ಬಲಿಷ್ಠರೇ. ಇಡೀ ಗೋಡಂಬಿಯನ್ನು ಗಾತ್ರ ನೋಡಿ ಡಬ್ಲ್ಯು-240, ಡಬ್ಲ್ಯು-320 ಅಂತ ಗ್ರೇಡ್ ಮಾಡಿದ ಮೇಲೆ ಕಾರ್ಕಳದ ಟಿನ್ನಿಗೂ ಕೊಲ್ಲಂನ ಟಿನ್ನಿಗೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ದಿಲ್ಲಿ, ಮುಂಬೈಯ ಸಗಟು ವ್ಯಾಪಾರಿ ಒಂದು ಫೋನ್ ಮಾಡಿ ಇನ್ನೊಬ್ಬರ ಹತ್ತಿರ ಹೋಗಬಹುದು, ಮೇಲಿಂದ ಉದ್ದರಿ ಬೇರೆ ಕೇಳುತ್ತಾನೆ. ಆದರೂ ಅವರಿಗೆ ಒಂದು ಮಿತಿ ಇದೆ. ಅವರು ಒಬ್ಬಿಬ್ಬರಲ್ಲ, ತುಂಬ ಜನ. ಭಾರತ ಗೋಡಂಬಿಯನ್ನು ಬೆಳೆಯುವುದಷ್ಟೇ ಅಲ್ಲ, ತಿನ್ನುವುದರಲ್ಲೂ ಬಹಳ ದೊಡ್ಡ ದೇಶ. ಹಬ್ಬಕ್ಕೆ ಮೊದಲು ಅವರಿಗೂ ಸ್ಟಾಕ್ ಬೇಕು. ಬೆಲೆಯಲ್ಲಿ ಶೇ 2 ಜಗ್ಗಿದರು ಅಂದುಕೊಳ್ಳಿ, ಕೆಜಿಗೆ 12 ರೂಪಾಯಿ ಹೋಯಿತು. ನೋವು ಹೌದು, ಆದರೆ ಕಾರ್ಖಾನೆ ಮುಳುಗುವುದಿಲ್ಲ.

ಈಗ ಪೈಪೋಟಿ, ಅಣ್ಣನ ಮುಖ್ಯ ವಾದ. ಮಂಗಳೂರು, ಕಾರ್ಕಳ, ಕುಂದಾಪುರದ ಸುತ್ತಮುತ್ತ ಎಷ್ಟೋ ಕಾರ್ಖಾನೆಗಳಿವೆ, ಜೊತೆಗೆ ಕೇರಳ, ಗೋವಾ, ಸಿಂಧುದುರ್ಗ, ಆಂಧ್ರದ ಪಲಾಸ, ತಮಿಳುನಾಡಿನ ಪನ್ರುಟ್ಟಿ. ಎಲ್ಲರ ಮೇಲೆ ವಿಯೆಟ್ನಾಂ, ಜಗತ್ತಿನಲ್ಲಿ ಅತಿ ಹೆಚ್ಚು ಗೋಡಂಬಿ ರಫ್ತು ಮಾಡುವ ದೇಶ. ಹಾಗಾದರೆ ಪೈಪೋಟಿಯೇ ಅತಿ ಜೋರು ಅಲ್ವಾ?

ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ವಿಯೆಟ್ನಾಂ ಈ ಕಾರ್ಖಾನೆಗೆ ಪೆಟ್ಟು ಕೊಡುವುದು ಎಲ್ಲಿ? ನಮ್ಮ ಪೇಟೆಯಲ್ಲಿ ಮಾರುವ ಕಡೆ ಒಂದು ತಡೆ ಇದೆ: 2019ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಆಮದು ಗೋಡಂಬಿಯ ಕನಿಷ್ಠ ಬೆಲೆಯನ್ನು ತುಂಡಿಗೆ ಕೆಜಿಗೆ 680, ಇಡೀ ಗೋಡಂಬಿಗೆ 720 ರೂಪಾಯಿಗೆ ಏರಿಸಿತು. ವಿಯೆಟ್ನಾಂನ ನಿಜವಾದ ಪೆಟ್ಟು ಬೀಳುವುದು ಬೀಜ ಕೊಳ್ಳುವ ಕಡೆ. ಅವರೂ ಐವರಿ ಕೋಸ್ಟ್‌ಗೆ ಹೋಗುತ್ತಾರೆ, ತಾಂಜಾನಿಯಾಕ್ಕೆ ಹೋಗುತ್ತಾರೆ, ನಾವು ಕೇಳುವ ಅದೇ ಬೀಜಕ್ಕೆ ಬೆಲೆ ಕೂಗುತ್ತಾರೆ. ಊರೊಳಗೂ ಅದೇ ಕಥೆ. ಪಕ್ಕದ ಕಾರ್ಖಾನೆಯವನು ನಿಮ್ಮ ಗಿರಾಕಿಯನ್ನು ಕಿತ್ತುಕೊಂಡಿದ್ದಕ್ಕಿಂತ ಮಾರ್ಚ್‌ನಲ್ಲಿ ನಿಮಗಿಂತ ಎರಡು ರೂಪಾಯಿ ಜಾಸ್ತಿ ಕೊಟ್ಟು ಬೀಜ ಎತ್ತಿದ್ದೇ ಹೆಚ್ಚು ಸಲ. ಒಡೆಯುವ ಮೆಷಿನ್‌ಗಳು ಜಾಸ್ತಿ, ಒಡೆಯಲಿಕ್ಕೆ ಬೀಜ ಕಡಿಮೆ. ಹೀಗೆ ನಮ್ಮ ಪೈಪೋಟಿಯೇ ಬೀಜ ಕೊಡುವವನ ಬಲವಾಗಿಬಿಡುತ್ತದೆ, ದುಡ್ಡು ಅವನ ಕೈಗೆ ಹೋಗಿ ಸೇರುತ್ತದೆ.

ಹಾಗಾಗಿ ನನ್ನ ತೀರ್ಮಾನ: ಈ ಕೇಸಿನಲ್ಲಿ ಎಲ್ಲಕ್ಕಿಂತ ಜೋರಾದ ಶಕ್ತಿ ಬೀಜ ಕೊಡುವವರದ್ದು.

ಖರ್ಚಿನಲ್ಲಿ ಬೀಜದ ಪಾಲು ದೊಡ್ಡದು ಅನ್ನುವುದು ಒಂದೇ ಇದಕ್ಕೆ ಸಾಕಾಗುವ ಕಾರಣ ಅಲ್ಲ. ದೊಡ್ಡ ಖರ್ಚು ಇದ್ದರೂ ಮಾಲು ಕೊಡುವವರು ಬಲಹೀನರಾಗಿರಬಹುದು. ಕೇಳಬೇಕಾದ ಪ್ರಶ್ನೆ ಬೇರೆ: ಗೋಡಂಬಿಯ ಬೆಲೆ ಏರಿದಾಗ ಆ ಹೆಚ್ಚಿನ ದುಡ್ಡು ಯಾರ ಹತ್ತಿರ ಉಳಿಯುತ್ತದೆ? ಏರಿದರೆ ಮುಂದಿನ ಲೋಡಿನ ಬೀಜದ ಬೆಲೆಯೂ ಬೆನ್ನಿಗೇ ಏರುತ್ತದೆ. ಇಳಿದರೆ ಗೋಡೌನ್‌ನಲ್ಲಿ ಆಗಲೇ ಹಳೆಯ ದುಬಾರಿ ಬೀಜ ಬಿದ್ದಿರುತ್ತದೆ. ಏರಿದ ಲಾಭ ಅವರಿಗೆ, ಇಳಿದ ನಷ್ಟ ನಮಗೆ. ಶಕ್ತಿ ಅಂದರೆ ಇದೇ.

ಆ ಬಲ ಬಡ ರೈತನದ್ದಲ್ಲ, ಅದನ್ನೂ ಹೇಳಬೇಕು. ಐವರಿ ಕೋಸ್ಟ್‌ನ ಬೆಳೆಗಾರನೂ ನಮ್ಮ ಹೆಬ್ರಿಯ ಬೆಳೆಗಾರನೂ ದುಡ್ಡಿನ ಅವಸರಕ್ಕೆ ಮಾರುವವರೇ. ಬಲ ಇರುವುದು ನಡುವಿನ ರಫ್ತುದಾರರಲ್ಲಿ, ದಾಸ್ತಾನು ಹಿಡಿದಿಡಬಲ್ಲ ದೊಡ್ಡ ವ್ಯಾಪಾರಿಗಳಲ್ಲಿ, ಮತ್ತೆ ಅಲ್ಲಿನ ಸರ್ಕಾರಗಳಲ್ಲಿ. ಐವರಿ ಕೋಸ್ಟ್ ಪ್ರತಿ ಹಂಗಾಮಿಗೂ ರೈತನಿಗೆ ಕೊಡಬೇಕಾದ ಕನಿಷ್ಠ ಬೆಲೆ ಗೊತ್ತುಮಾಡುತ್ತದೆ. 2024ರಲ್ಲಿ ಕೆಜಿಗೆ 275 ಸಿಎಫ್‌ಎ ಫ್ರಾಂಕ್ ಇದ್ದದ್ದು 2025ರಲ್ಲಿ 425 ಆಯಿತು. ತಾಂಜಾನಿಯಾದಲ್ಲಿ 2018ರ ನವೆಂಬರ್‌ನಲ್ಲಿ ವ್ಯಾಪಾರಿಗಳು ಹೇಳಿದ ಬೆಲೆ ಸಾಲದು ಅಂತ ಆಗಿನ ಅಧ್ಯಕ್ಷ ಮಗುಫುಲಿ ಸೈನ್ಯವನ್ನೇ ಕಳಿಸಿ ಬೀಜ ಖರೀದಿ ಮಾಡಿಸಿದರು. ರೈತರ ದೃಷ್ಟಿಯಿಂದ ಬೆಲೆ ಸಿಗಬೇಕು ಅನ್ನುವುದು ನ್ಯಾಯವೇ, ನಾನು ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಕಾರ್ಕಳದಲ್ಲಿ ಕೂತ ಅಣ್ಣ ತಂಗಿಗೆ ಇದರ ಮೇಲೆ ಎಳ್ಳಷ್ಟೂ ಹಿಡಿತ ಇಲ್ಲ. ಅಷ್ಟೇ ಅಲ್ಲ, ಆ ದೇಶಗಳು ಬೀಜವನ್ನು ತಮ್ಮಲ್ಲೇ ಒಡೆಸಲು ಕಾರ್ಖಾನೆಗಳಿಗೆ ಬೆಂಬಲ ಕೊಡುತ್ತಿವೆ. ಮಾಲು ಕೊಡುವವನೇ ನಾಳೆ ನಮ್ಮ ಕೆಲಸವನ್ನೂ ಮಾಡುತ್ತಾನೆ ಅಂದರೆ ಅವನ ಬಲ ಇನ್ನೂ ಹೆಚ್ಚಿತು.

ಇನ್ನೊಂದು ಕಾರಣ ಕಾಲ. ಪಶ್ಚಿಮ ಆಫ್ರಿಕಾದ ಹಂಗಾಮು ಫೆಬ್ರವರಿಯಿಂದ ಜೂನ್, ನಮ್ಮ ಕರಾವಳಿಯದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮಳೆ ಬಿದ್ದ ಮೇಲೆ ಬೀಜದ ಗುಣ ಕೆಡುತ್ತದೆ. ತಾಂಜಾನಿಯಾದ್ದು ಅಕ್ಟೋಬರ್ ನಂತರ. ಕಾರ್ಖಾನೆ ವರ್ಷವಿಡೀ ಓಡಬೇಕು, ಕೊಳ್ಳುವುದು ಮಾತ್ರ ಕೆಲವೇ ತಿಂಗಳಲ್ಲಿ. ಕೆಲಸದ ಹೆಂಗಸರನ್ನು ಸುಮ್ನೆ ಮನೆಗೆ ಕಳಿಸಿದರೆ ಅವರು ಬೇರೆ ಕಡೆ ಹೋಗಿಬಿಡುತ್ತಾರೆ, ಹಾಗಾಗಿ "ಬೆಲೆ ಇಳಿಯಲಿ, ಕಾಯೋಣ" ಅನ್ನಲಿಕ್ಕೂ ಆಗುವುದಿಲ್ಲ. ಕೊಡುವವನಿಗೆ ಇದು ಚೆನ್ನಾಗಿ ಗೊತ್ತು.

ಮೂರನೆಯದು ಔಟ್‌ಟರ್ನ್. ಚಿಪ್ಪಿನ ಒಳಗೆ ಏನಿದೆ ಅಂತ ಒಡೆಯುವ ತನಕ ಗೊತ್ತಾಗುವುದಿಲ್ಲ. ಸ್ಯಾಂಪಲ್ ತೆಗೆದು ಕಟಿಂಗ್ ಟೆಸ್ಟ್ ಮಾಡುತ್ತಾರೆ, ಒಳ್ಳೆಯ ತಿರುಳನ್ನು ಪೂರ್ತಿ, ಕಲೆ ಬಿದ್ದದ್ದನ್ನು ಅರ್ಧ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಲೋಡ್ ಮಾಡುವಾಗ 48 ಇದ್ದದ್ದು ಕಂಟೇನರ್‌ನಲ್ಲಿ ವಾರಗಟ್ಟಲೆ ಬೆವತು ನವಮಂಗಳೂರು ಬಂದರಿಗೆ ಬರುವಾಗ 46 ಆಗಿರಬಹುದು. ಎರಡು ಪೌಂಡ್ ಕಡಿಮೆ ಅಂದರೆ ಚೀಲಕ್ಕೆ 20.9 ಕೆಜಿ, ಕೆಜಿ ಗೋಡಂಬಿಯಲ್ಲಿ ಬೀಜದ ಬೆಲೆ 498. ಅಲ್ಲಿಗೆ 33ರಲ್ಲಿ 21 ರೂಪಾಯಿ ಹೋಯಿತು. ಬೀಜದ ಬೆಲೆ ಕೆಜಿಗೆ 9 ರೂಪಾಯಿ ಏರಿದರೆ 33ಕ್ಕೆ 33 ಸೊನ್ನೆ. ಅದೇ ಕೂಲಿ ಶೇ 10 ಏರಿದರೆ ಹೋಗುವುದು ನಾಲ್ಕೂವರೆ ರೂಪಾಯಿ ಮಾತ್ರ! ನಮ್ಮಲ್ಲಿ ಮಾತು ಬಂದಾಗಲೆಲ್ಲ ಕೂಲಿಯದ್ದೇ ದೂರು, ಕುರ್ಚಿಯಲ್ಲಿ ಕೂತು ದಿನವಿಡೀ ಬೀಜ ಸುಲಿಯುವ ಹೆಂಗಸರ ಮೇಲೆ ಹಾಕುವ ಆ ದೂರು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಈಗ ಅಣ್ಣನ ಯೋಜನೆಗೆ ಬನ್ನಿ. 8 ಟನ್‌ಗೆ ಏರಿಸಿದರೆ 90 ರೂಪಾಯಿಯ ಖರ್ಚು 80ಕ್ಕೆ ಇಳಿಯಬಹುದು ಅಂತಲೇ ಇಟ್ಟುಕೊಳ್ಳೋಣ. ಆದರೆ ಬೀಜದ ಹಸಿವು ಎರಡು ಪಟ್ಟು ಆಗುತ್ತದೆ. ಊರಿನ ಬೀಜ ಅಷ್ಟೇ ಸಿಗುವುದು, ಹಾಗಾಗಿ ಹೆಚ್ಚಿನದ್ದೆಲ್ಲ ಆಫ್ರಿಕಾದ್ದೇ ಆಗಬೇಕು. ಮೆಷಿನ್‌ಗೆ 3 ಕೋಟಿ ಸಾಲ, ಅದರ ಮೇಲೆ ವರ್ಷಕ್ಕೆ ಇನ್ನೂ ಹದಿನಾಲ್ಕೂವರೆ ಕೋಟಿಯ ಬೀಜ. ಕಂತು ಕಟ್ಟಬೇಕಾದ ಕಾರಣ ಯಾವ ಬೆಲೆಗಾದರೂ ಕೊಂಡು ಮೆಷಿನ್ ಓಡಿಸಲೇಬೇಕು. ಅತಿ ಬಲಿಷ್ಠ ಶಕ್ತಿಯ ಎದುರು ಇನ್ನಷ್ಟು ಬಗ್ಗಿದ ಹಾಗೆ ಆಯಿತು. ತಂಗಿಯ ಅನುಮಾನ ಸರಿ.

ನಾನಾದರೆ 4 ಟನ್‌ನಲ್ಲೇ ನಿಲ್ಲುತ್ತೇನೆ. ಸಾಲದಲ್ಲಿ ಒಂದೂವರೆ ಕೋಟಿ ಮಾತ್ರ ತೆಗೆದು, ಅದನ್ನು ಮಾರ್ಚ್‌ನಿಂದ ಮೇ ತನಕ ಊರಿನ ಬೀಜಕ್ಕೆ ಹಾಕುತ್ತೇನೆ, ಒಣಗಿಸಲು ಅಂಗಳ, ತೇವ ಇಲ್ಲದ ಗೋಡೌನ್ ಕಟ್ಟುತ್ತೇನೆ. ಬೆಳೆಗಾರರಿಗೆ ತೂಕ ಹಾಕಿದ ದಿನವೇ ದುಡ್ಡು, ಒಳ್ಳೆಯ ಔಟ್‌ಟರ್ನ್ ಬಂದರೆ ಕೆಜಿಗೆ ಸ್ವಲ್ಪ ಹೆಚ್ಚು. ಕಾಲು ಭಾಗ ಇರುವ ಊರಿನ ಬೀಜವನ್ನು ಮೂರನೇ ಒಂದಕ್ಕೆ ತಂದರೂ ಆಫ್ರಿಕಾದ ವ್ಯಾಪಾರಿಗೆ "ಈ ತಿಂಗಳು ಬೇಡ" ಅನ್ನುವ ತಾಕತ್ತು ಬರುತ್ತದೆ. ಆಮದಿನ ಕರಾರಿನಲ್ಲಿ ಮಂಗಳೂರಿನಲ್ಲಿ ಇಳಿದ ಮೇಲಿನ ಕಟಿಂಗ್ ಟೆಸ್ಟೇ ಅಂತಿಮ, 48ಕ್ಕಿಂತ ಕಡಿಮೆ ಬಂದರೆ ಪೌಂಡಿನ ಲೆಕ್ಕದಲ್ಲಿ ಬೆಲೆ ಕಡಿತ, 45ಕ್ಕಿಂತ ಕೆಳಗೆ ಹೋದರೆ ಮಾಲು ವಾಪಸ್ ಅಂತ ಬರೆಸಬೇಕು. ಒಪ್ಪದವರ ಹತ್ತಿರ ಅಗ್ಗ ಸಿಕ್ಕಿದರೂ ಕೊಳ್ಳಬಾರದು.

ಈ ಅಭಿಪ್ರಾಯ ಬದಲಾಗಬೇಕಾದರೆ ಒಂದು ವಿಷಯ ಬದಲಾಗಬೇಕು: ಎರಡು ಹಂಗಾಮು ಸಾಲಾಗಿ ಅರ್ಧಕ್ಕಿಂತ ಹೆಚ್ಚು ಬೀಜ ಊರಿನಿಂದಲೇ ಅಥವಾ ಔಟ್‌ಟರ್ನ್ ಖಾತ್ರಿಯ ಕರಾರಿನಲ್ಲಿ ಬರಬೇಕು. ಹಾಗೆ ಬಂದರೆ ಅಣ್ಣನ 8 ಟನ್ ಪ್ರಸ್ತಾಪವನ್ನು ಮತ್ತೆ ಮೇಜಿನ ಮೇಲೆ ಇಡಬಹುದು, ಆಗ ಮೆಷಿನ್ ಬೆಲೆಗಿಂತ ಮೊದಲು ಬೀಜದ ಬಾಕಿ ಸ್ಟಾಕ್ ಎಷ್ಟು ದಿನಕ್ಕಿದೆ ಅಂತ ನೋಡಬೇಕು.