ತೀರ್ಥಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ನಮ್ಮ ಪ್ರಯಾಣದ ಪಟ್ಟಿ

ಎಲ್ಲ ಸಮಯವೂ ಆಯಾ ಊರಿನದು.

ಮೇ 9, 2026, ಶನಿವಾರ: ಮಧ್ಯಾಹ್ನ 1ಕ್ಕೆ ಊಟ ಮುಗಿಸಿ ಕಾರು ಹತ್ತುವುದು. ಟಿಕೆಟ್‌ನಲ್ಲಿ ಮೇ 10 ಅಂತಿದೆ, ಆದರೆ ವಿಮಾನ ನಡುರಾತ್ರಿ ದಾಟಿದ ಮೇಲೆ. ಅಪ್ಪ, ದಯವಿಟ್ಟು ಭಾನುವಾರ ಹೊರಡೋಣ ಅನ್ನಬೇಡಿ!

ಮೇ 10, ಭಾನುವಾರ
ಬೆಂಗಳೂರು ಬಿಡುವುದು: ಬೆಳಗಿನ ಜಾವ 2:45
ಟೋಕಿಯೊ (ನರಿಟಾ): ಮಧ್ಯಾಹ್ನ 2:40. ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ.
ಟೋಕಿಯೊ ಬಿಡುವುದು: ಸಂಜೆ 5:00
ಸ್ಯಾನ್ ಫ್ರಾನ್ಸಿಸ್ಕೊ: ಅದೇ ಭಾನುವಾರ, ಬೆಳಿಗ್ಗೆ 10:20. ತಪ್ಪು ಬರೆದಿಲ್ಲ. ದಿನಾಂಕ ರೇಖೆ ದಾಟುವುದರಿಂದ ಹೊರಟದ್ದಕ್ಕಿಂತ ಮೊದಲೇ ತಲುಪಿದ ಹಾಗೆ. ಹಾರಾಟ ಮಾತ್ರ 9 ಗಂಟೆ 20 ನಿಮಿಷ. ಅಮ್ಮನ ಬಿಪಿ ಮಾತ್ರೆಯನ್ನು ಯಾವ ಗಡಿಯಾರದ ಪ್ರಕಾರ ಕೊಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಬೇಕು.

ಜೋನಿ ಬೆಲ್ಲ ದೊಡ್ಡ ಸೂಟ್‌ಕೇಸಿಗೆ. ಕೈಚೀಲದಲ್ಲಿ ಬಿಡುವುದಿಲ್ಲ.

ವಾಪಸ್
ಮೇ 30, ಶನಿವಾರ: ಸ್ಯಾನ್ ಫ್ರಾನ್ಸಿಸ್ಕೊ ಬಿಡುವುದು ಮಧ್ಯಾಹ್ನ 12:30
ಮೇ 31, ಭಾನುವಾರ: ಟೋಕಿಯೊ ಮಧ್ಯಾಹ್ನ 3:20, ಬಿಡುವುದು ಸಂಜೆ 6:30. ಹೋಗುವಾಗ ಸಿಕ್ಕ ದಿನ ಇಲ್ಲಿ ವಾಪಸ್ ಹೋಯಿತು, ಅಷ್ಟೇ.
ಜೂನ್ 1, ಸೋಮವಾರ: ಬೆಂಗಳೂರು ರಾತ್ರಿ 12:50. ಕಾರಿನವರಿಗೆ 'ಭಾನುವಾರ ರಾತ್ರಿ' ಅಂತಲೇ ಹೇಳಿ. ಮಧ್ಯಾಹ್ನದೊಳಗೆ ಮನೆ.