ಗುರುವಾರ 12 ಗಂಟೆಗೆ ಮೊದಲು ಗೇರುಬೀಜದ ಕಂಟೇನರ್ ಪಣಂಬೂರು ಗೇಟ್ ದಾಟಬೇಕು

ಪ್ರಜ್ಞಾ,

ನಾನೀಗ ಬಜ್ಪೆಗೆ ಹೊರಟೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ವಿಮಾನ ರಾತ್ರಿ 2.30ಕ್ಕೆ. 2 ಗಂಟೆವರೆಗೆ ಫೋನ್ ಆನ್ ಇರುತ್ತದೆ, ನಿದ್ದೆ ಕೆಡಿಸಿದೆ ಅಂತ ಅಂದುಕೊಳ್ಳದೆ ಮಾಡಿ. ಅದರ ನಂತರ ನಾಳೆ ಮಧ್ಯಾಹ್ನ 1ರವರೆಗೆ ನಾನು ಸಿಗುವುದಿಲ್ಲ. ಗೇಟ್ ಮುಚ್ಚುವುದು 12ಕ್ಕೆ. ಅಂದರೆ ನಾನು ಇಳಿದು ಫೋನ್ ಹಾಕುವಾಗ ಆಗುವುದೆಲ್ಲ ಆಗಿರುತ್ತದೆ. ಹಾಗಾಗಿ ನನ್ನನ್ನು ಕೇಳಿ ಮಾಡೋಣ ಅಂತ ಯಾವುದನ್ನೂ ಇಟ್ಟುಕೊಳ್ಳಬೇಡಿ.

ಸರಕಿನ ಚಿಂತೆ ಇಲ್ಲ. ಡಬ್ಲ್ಯು 320, 700 ಪೆಟ್ಟಿಗೆ, ಕಾರ್ಕಳದ ಫ್ಯಾಕ್ಟರಿಯಲ್ಲಿ ಲೋಡ್ ಆಗಿ ಸೀಲ್ ಆಗಿದೆ. ಫೈಟೋ ಸರ್ಟಿಫಿಕೇಟ್, ಫ್ಯುಮಿಗೇಶನ್ ಎರಡೂ ನೀಲಿ ಫೈಲಿನಲ್ಲಿವೆ. ಎರಡು ಕಡೆ ಅಂಕೆ ತಪ್ಪಿದೆ, ತಲೆಬಿಸಿ ಇರುವುದು ಅಲ್ಲಿ.

ಮೊದಲನೆಯದು ಸೀಲ್ ನಂಬರ್. ಫ್ಯಾಕ್ಟರಿಯವರು ಕಳಿಸಿದ ಫೋಟೋ ಮಳೆಯಲ್ಲಿ ತೆಗೆದದ್ದು, ಕೊನೆಯ ಅಂಕೆಯ ಮೇಲೆ ಒಂದು ನೀರಿನ ಹನಿ ಕೂತಿದೆ. ಏಜೆಂಟ್ ಹುಡುಗ ಅದನ್ನು 3 ಅಂತ ಓದಿ ಶಿಪ್ಪಿಂಗ್ ಬಿಲ್‌ನಲ್ಲಿ 4713 ಹಾಕಿದ್ದಾನೆ. ನನಗೆ ಸಂಶಯ ಬಂದು ಸಂಜೆ ಸೂಪರ್‌ವೈಸರ್ ಹತ್ತಿರ ವಿಡಿಯೋ ಕಾಲ್ ಮಾಡಿಸಿದೆ. ಅವರು ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಿಡಿದರು. ಅದು 8. ಸರಿಯಾದದ್ದು 4718. ತಿದ್ದಲು ಏಜೆಂಟರಿಗೆ ಮೇಲ್ ಹಾಕಿದ್ದೇನೆ, ‘ಮಾಡ್ತೇವೆ ಮೇಡಂ’ ಅಂದಿದ್ದಾರೆ. ಆ ಮಾತನ್ನು ನಂಬಿ ಕೂರಬೇಡಿ. ಬೆಳಿಗ್ಗೆ 9.30ಕ್ಕೆ ಫೋನ್ ಮಾಡಿ, ತಿದ್ದಿದ ಬಿಲ್‌ನ ಪಿಡಿಎಫ್ ತರಿಸಿಕೊಂಡು ನಿಮ್ಮ ಕಣ್ಣಲ್ಲೇ 8 ನೋಡಿ. ಸೀಲಿಗೂ ಕಾಗದಕ್ಕೂ ತಾಳೆಯಾಗದಿದ್ದರೆ ಟ್ರೈಲರ್ ಅಲ್ಲೇ ಪಕ್ಕಕ್ಕೆ ನಿಲ್ಲುತ್ತದೆ.

ಎರಡನೆಯದು ವಿಜಿಎಂ. ಡ್ರಾಫ್ಟ್‌ನಲ್ಲಿ 16,730 ಕೆ.ಜಿ. ಇದೆ. ಅದು ಬರೀ ಪೆಟ್ಟಿಗೆಗಳ ತೂಕ, ಒಂದಕ್ಕೆ 23.9ರಂತೆ. ಖಾಲಿ ಕಂಟೇನರಿನ 2,230 ಸೇರಿಸಿಲ್ಲ. ಹಾಕಬೇಕಾದ್ದು 18,960. ಕಂಟೇನರ್ ಬಾಗಿಲ ಮೇಲೆ ಬರೆದಿರುವ ಖಾಲಿ ತೂಕವನ್ನೂ ಅದೇ ವಿಡಿಯೋದಲ್ಲಿ ನೋಡಿಕೊಂಡಿದ್ದೇನೆ, ವೇಬ್ರಿಡ್ಜ್ ಚೀಟಿಗೂ ಹೊಂದುತ್ತದೆ. ಇದು ಹಡಗಿನ ಲೈನ್‌ನವರ ವೆಬ್‌ಸೈಟಿನಲ್ಲಿ 10 ಗಂಟೆಗೆ ಮೊದಲು ಹೋಗಲಿ.

ಲಾಗಿನ್ ಒಟಿಪಿ ಇಷ್ಟು ದಿನ ನನ್ನ ಮೊಬೈಲಿಗೆ ಬರುತ್ತಿತ್ತು. ಪುಣ್ಯಕ್ಕೆ ಮಧ್ಯಾಹ್ನ ನೆನಪಾಯಿತು! ಈಗ ಆಫೀಸಿನ ಸಣ್ಣ ಫೋನಿಗೆ ಬದಲಿಸಿ ಒಂದು ಸಲ ಪರೀಕ್ಷೆಯೂ ಮಾಡಿದ್ದೇನೆ. ಫೋನ್ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ, ಕೀ ಕ್ಯಾಲೆಂಡರಿನ ಹಿಂದೆ. ಚಾರ್ಜರ್ ಪಿನ್ ಸಡಿಲ, ವೈರನ್ನು ಸ್ವಲ್ಪ ಎಡಕ್ಕೆ ಬಗ್ಗಿಸಿ ಇಟ್ಟರೆ ಮಾತ್ರ ಹಿಡಿಯುತ್ತದೆ. ಬಂದ ಕೂಡಲೇ ಚಾರ್ಜಿಗೆ ಹಾಕಿ. ವೆಬ್‌ಸೈಟ್ ಕೈಕೊಟ್ಟರೆ ಅರ್ಧ ಗಂಟೆ ಅದರೊಟ್ಟಿಗೆ ಗುದ್ದಾಡಬೇಡಿ, ವೇಬ್ರಿಡ್ಜ್ ಚೀಟಿ ಸೇರಿಸಿ ಲೈನ್‌ನವರ ಮಂಗಳೂರು ಆಫೀಸಿಗೆ ಮೇಲ್ ಮಾಡಿ. ಅವರು ಒಪ್ಪಿಕೊಳ್ಳುತ್ತಾರೆ, ಕೇಳಿಟ್ಟಿದ್ದೇನೆ.

ಟ್ರೈಲರ್ ಕಾರ್ಕಳದಿಂದ 6ಕ್ಕೆ ಹೊರಡುತ್ತದೆ. ಪಡುಬಿದ್ರಿಗೆ ಬಂದಾಗ ಮಿಸ್ಡ್ ಕಾಲ್ ಕೊಡಲು ಡ್ರೈವರಿಗೆ ಹೇಳಿದ್ದೇನೆ. 8 ಆದರೂ ಬಾರದಿದ್ದರೆ ನೀವೇ ಮಾಡಿ. ತುಳುವಿನಲ್ಲೇ ಮಾತಾಡಿ, ಕನ್ನಡದಲ್ಲಿ ಕೇಳಿದರೆ ಎಲ್ಲದಕ್ಕೂ ‘ಹ್ಞೂಂ’ ಅನ್ನುತ್ತಾನೆ. ಹೈವೇ ಬದಿ ಚಾ ಕುಡಿಯಲು ನಿಂತರೆ ಅವನಿಗೆ ಹೊತ್ತು ಗೊತ್ತಾಗುವುದಿಲ್ಲ. ಆದರೆ ತಿದ್ದಿದ ಬಿಲ್ ಕೈಗೆ ಬರುವವರೆಗೆ ಅವನನ್ನು ಗೇಟಿನ ಸಾಲಿಗೆ ಬಿಡಬೇಡಿ, ಹೊರಗೇ ನಿಲ್ಲಲಿ. ಒಳಗೆ ಹೋದ ಮೇಲೆ ಎಲ್‌ಇಒ ಏಜೆಂಟರ ಕೆಲಸ.

ತಿದ್ದುಪಡಿಗೋ ಕಾಯುವುದಕ್ಕೋ ದುಡ್ಡು ಕೇಳಿದರೆ 10,000ದವರೆಗೆ ನೀವೇ ಹ್ಞಾಂ ಅನ್ನಿ, ರಸೀದಿ ಮಾತ್ರ ಬಿಡಬೇಡಿ. ಅದಕ್ಕಿಂತ ಜಾಸ್ತಿಯಾದರೆ ಧನಿಗಳಿಗೆ ಫೋನ್ ಮಾಡಿ. ಅವರಿಗೆ ಎಲ್ಲ ಹೇಳಿದ್ದೇನೆ, ನಿಮ್ಮ ಫೋನ್ ಬರಬಹುದು ಅಂತಲೂ. ಬೆಳಿಗ್ಗೆ 10ರಿಂದ ಅರ್ಧ ಗಂಟೆ ಪೂಜೆಯಲ್ಲಿರುತ್ತಾರೆ, ಆಗ ಎತ್ತುವುದಿಲ್ಲ.

11 ಆದರೂ ಬಿಲ್ ಸರಿಯಾಗದಿದ್ದರೆ ಲೈನ್‌ನವರ ಹತ್ತಿರ ಎರಡು ಗಂಟೆ ಹೆಚ್ಚು ಕೇಳಿ. ಕೊಡದಿದ್ದರೆ ಈ ಹಡಗು ಬಿಟ್ಟು ಮುಂದಿನ ವಾರದ್ದಕ್ಕೆ ಬುಕ್ ಮಾಡಿ. ತಪ್ಪು ನಂಬರಿನಲ್ಲಿ ನುಗ್ಗಿಸುವುದು ಬೇಡ. ಕೊಲಂಬೊದಲ್ಲಿ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳಲು ತಿಂಗಳು ಬೇಕು. ಹಡಗು ತಪ್ಪಿದರೆ ಉತ್ತರ ಕೊಡುವವಳು ನಾನು, ನೀವಲ್ಲ. ಇದನ್ನು ಧನಿಗಳಿಗೂ ಬರೆದು ಹಾಕಿದ್ದೇನೆ.

ಖರೀದಿದಾರರ ಮೇಲ್ ಬಂದರೆ ‘ತಲುಪಿದೆ, ಶುಕ್ರವಾರ ಉತ್ತರಿಸುತ್ತೇವೆ’ ಅಂತ ಮಾತ್ರ ಬರೆಯಿರಿ. ಬಾಕಿ ಫೈಲುಗಳೆಲ್ಲ ಸೋಮವಾರಕ್ಕೆ ಇರಲಿ.

ಕೆಲಸ ಆದ ಮೇಲೆ ಗೇಟ್ ಪಾಸಿನ ಫೋಟೋ ವಾಟ್ಸಾಪ್ ಮಾಡಿ, ಇಳಿದ ಕೂಡಲೇ ನೋಡುತ್ತೇನೆ. ಡ್ರಾಯರಿನಲ್ಲಿ ಫೋನಿನ ಪಕ್ಕ ಚಕ್ಕುಲಿ ಡಬ್ಬಿ ಇದೆ, ಮಗಳಿಗೆ ಅಂತ ಮಾಡಿದ್ದರಲ್ಲಿ ಸೂಟ್‌ಕೇಸಿಗೆ ಹಿಡಿಸದ್ದು. ನಿಮಗೇ.

ಸುಜಾತ
ಬುಧವಾರ, ಸಂಜೆ 6.40